ಜರ್ಮನಿಯ ಸ್ಟೇಶನ್ ಬೋರ್ಡು, ನಮ್ಮ ಫೋನು: ಬದಲಾದ ಪ್ಲಾಟ್‌ಫಾರ್ಮನ್ನು ಫೋಟೋದಿಂದ ಓದುವ ಬಗೆ

ಪುಣೆಯ ಕನ್ನಡದ ಮನೆಗಳಲ್ಲಿ ಮೇ ತಿಂಗಳು ಹತ್ತಿರ ಬಂತೆಂದರೆ ಜರ್ಮನಿಯ ಮಾತು ಶುರುವಾಗುತ್ತದೆ. ಮಗನೋ ಮಗಳೋ ಅಲ್ಲಿ ಕೆಲಸಕ್ಕಿರುತ್ತಾರೆ. ಅಪ್ಪ ಅಮ್ಮ ಎರಡು ತಿಂಗಳ ಮಟ್ಟಿಗೆ ಹೋಗುತ್ತಾರೆ. ವಾರದ ದಿನಗಳಲ್ಲಿ ಮಕ್ಕಳಿಗೆ ಬಿಡುವಿಲ್ಲ, ಹಾಗಾಗಿ ಹಿರಿಯರಿಬ್ಬರೇ ರೈಲು ಹತ್ತಿ ಊರು ನೋಡಲು ಹೊರಡುತ್ತಾರೆ. ನಾನು ಕೊಥ್ರೂಡಿನಲ್ಲಿ ಜರ್ಮನ್ ಕಲಿಸುವವನು. ಅದಕ್ಕೇ ಅವರು ಸ್ಟೇಶನ್ನಿನಲ್ಲಿ ನಿಂತು ತೆಗೆದ ಬೋರ್ಡಿನ ಫೋಟೋಗಳು ವಾಟ್ಸಾಪಿನಲ್ಲಿ ನನ್ನ ಹತ್ತಿರ ಬರುತ್ತವೆ. ನಮ್ಮ ಕಟ್ಟಡದ ಕಾಕಾ ಒಬ್ಬರು ಹೋದ ಸಲ ಹೀಗೆ ಬರೆದಿದ್ದರು: "ತಮ್ಮಾ, ಫೋನಿನ್ಯಾಗ ಇಂಗ್ಲಿಷ್ ಮಾಡಿ ನೋಡೇನಿ. ಅಕ್ಷರ ಎಲ್ಲಾ ಬಂದಾವ, ಆದ್ರ ಗಾಡಿ ಎಲ್ಲಿಗೆ ಬರ್ತದ ಅನ್ನೂದು ತಿಳೀವಲ್ದು."

ಅವರ ಫೋನು ಅನುವಾದವನ್ನು ಸರಿಯಾಗಿಯೇ ಮಾಡಿತ್ತು. ಬೇಕಾದ ಸಾಲು ಫೋಟೋದಲ್ಲಿ ಇರಲಿಲ್ಲ, ಅಷ್ಟೇ. ನನಗೆ ಬರುವ ಫೋಟೋಗಳಲ್ಲಿ ಹೆಚ್ಚಿನವುಗಳ ಕತೆ ಇದೇ. ಯಾವ ಬೋರ್ಡಿನ ಫೋಟೋ ತೆಗೆಯಬೇಕು, ಹೇಗೆ ತೆಗೆಯಬೇಕು, ಅನುವಾದದಲ್ಲಿ ಯಾವ ಪದ ಕಳೆದುಹೋದರೆ ಅರ್ಥ ತಿರುಗಿಬೀಳುತ್ತದೆ ಎಂಬುದು ಗೊತ್ತಿದ್ದರೆ ಭಾಷೆ ಬಾರದವರೂ ಪ್ಲಾಟ್‌ಫಾರ್ಮ್ ಬದಲಾವಣೆಯನ್ನು ತಾವೇ ಓದಿಕೊಳ್ಳಬಹುದು.

ಜರ್ಮನಿಯ ಸ್ಟೇಶನ್ನಿನಲ್ಲಿ ಗಾಡಿಯ ಸುದ್ದಿ ಹೇಳುವ ಬೋರ್ಡುಗಳೆಲ್ಲ ಒಂದೇ ವಯಸ್ಸಿನವಲ್ಲ ಎಂಬುದನ್ನು ಮೊದಲು ತಿಳಿಯಬೇಕು. ಗೋಡೆಯ ಮೇಲೆ, ಗಾಜಿನ ಚೌಕಟ್ಟಿನೊಳಗೆ ದೊಡ್ಡ ಕಾಗದದ ವೇಳಾಪಟ್ಟಿಗಳಿರುತ್ತವೆ. ಹಳದಿ ಬಣ್ಣದ್ದು ಹೊರಡುವ ಗಾಡಿಗಳದ್ದು, ಅದರ ಮೇಲೆ `Abfahrt` ಎಂದಿರುತ್ತದೆ. ಬಿಳಿಯದು ಕಂಡರೆ ಅದು ಬರುವ ಗಾಡಿಗಳದ್ದು, ಅದರ ಮೇಲೆ `Ankunft` ಎಂದಿರುತ್ತದೆ. ಗಾಡಿ ಹತ್ತಲು ಹೋದವರು ಬಿಳಿ ಕಾಗದದ ಫೋಟೋ ತೆಗೆದರೆ ಅನುವಾದ ಎಷ್ಟೇ ಚೆನ್ನಾಗಿದ್ದರೂ ಗಂಟೆ ತಪ್ಪುತ್ತದೆ, ಊರೂ ತಪ್ಪುತ್ತದೆ. ಅಲ್ಲಿರುವುದು ಗಾಡಿ ಎಲ್ಲಿಂದ ಬರುತ್ತದೆ ಎಂಬ ವಿವರ. ಯುರೋಪಿನ ರೈಲು ವೇಳಾಪಟ್ಟಿ ಪ್ರತಿವರ್ಷ ಡಿಸೆಂಬರ್ ನಡುವಿನ ಒಂದು ವಾರಾಂತ್ಯದಲ್ಲಿ ಬದಲಾಗುತ್ತದೆ, ಜೂನ್‌ನಲ್ಲಿ ಸಣ್ಣ ತಿದ್ದುಪಡಿ ಇರುತ್ತದೆ. ಅಂದರೆ ಈ ಕಾಗದ ಹೇಳುವುದು ತಿಂಗಳುಗಟ್ಟಲೆ ಹಿಂದೆ ಹಾಕಿಕೊಂಡ ಯೋಜನೆಯನ್ನು. ಇವತ್ತು ಏನಾಗಿದೆ ಎಂಬುದು ಅದಕ್ಕೆ ಗೊತ್ತಿರುವುದಿಲ್ಲ. ಅದರಲ್ಲಿ ನಿಮ್ಮ ಗಾಡಿಯ ಮುಂದೆ 9 ಎಂದಿದ್ದರೆ, ಸಾಮಾನ್ಯವಾಗಿ 9ಕ್ಕೆ ಬರುವ ಗಾಡಿ ಅದು ಎಂದಷ್ಟೇ ಅರ್ಥ.

ಮುಖ್ಯ ಹಜಾರದಲ್ಲಿ ತೂಗುವ ದೊಡ್ಡ ಎಲೆಕ್ಟ್ರಾನಿಕ್ ಬೋರ್ಡು ಇವತ್ತಿನ ಸುದ್ದಿ ಹೇಳುತ್ತದೆ. ಪ್ಲಾಟ್‌ಫಾರ್ಮಿನ ಮೇಲೇ ತೂಗುವ ನೀಲಿ ಬೋರ್ಡು ಆ ಹಳಿಗೆ ಮುಂದೆ ಯಾವ ಗಾಡಿ ಬರುತ್ತದೆ ಎಂಬುದನ್ನು ಹೇಳುತ್ತದೆ. ಚಿಕ್ಕ ಸ್ಟೇಶನ್ನುಗಳಲ್ಲಿ ಹಲವು ಕಡೆ ಒಂದೇ ಸಾಲಿನ, ಓಡುವ ಅಕ್ಷರಗಳ ಎಲ್‌ಇಡಿ ಪಟ್ಟಿಯಷ್ಟೇ ಇರುತ್ತದೆ. ಪ್ಲಾಟ್‌ಫಾರ್ಮ್ ಬದಲಾದ ಸುದ್ದಿ ಸಿಗುವುದು ಈ ಎಲೆಕ್ಟ್ರಾನಿಕ್ ಬೋರ್ಡುಗಳಲ್ಲಿ, ಕಾಗದದಲ್ಲಲ್ಲ. ಹಾಗಾದರೆ ಕಾಗದದ ಫೋಟೋ ಯಾಕೆ? ನಿಮ್ಮ ಗಾಡಿಯ ಸಂಖ್ಯೆ, ಹೊರಡುವ ನಿಗದಿತ ಗಂಟೆ, ನಡುವೆ ಬರುವ ಊರುಗಳ ಹೆಸರು, ಈ ಮೂರನ್ನು ಮೊದಲೇ ಹಿಡಿದಿಟ್ಟುಕೊಳ್ಳುವುದಕ್ಕೆ. ಬೋರ್ಡಿನ ಮೇಲೆ ನಿಮ್ಮ ಸಾಲನ್ನು ಗುರುತಿಸುವುದು ಇವುಗಳಿಂದಲೇ.

ಕಾಗದದಲ್ಲಿ ಇನ್ನೊಂದು ಬಲೆಯಿದೆ. ಎಲ್ಲ ಗಾಡಿಗಳೂ ಎಲ್ಲ ದಿನ ಓಡುವುದಿಲ್ಲ. ಯಾವ ದಿನ ಎಂಬುದನ್ನು ಎರಡೆರಡು ಅಕ್ಷರಗಳಲ್ಲಿ ಬರೆದಿರುತ್ತಾರೆ: ಸೋಮವಾರಕ್ಕೆ `Mo`, ಗುರುವಾರಕ್ಕೆ `Do`, ರವಿವಾರಕ್ಕೆ `So`. ಫೋನಿನ ಅನುವಾದಕ್ಕೆ ಭಾಷೆಯನ್ನು ನೀವೇ ಆರಿಸಿ ಕೊಡದೆ "ತಾನೇ ಗುರುತಿಸಲಿ" ಎಂದು ಬಿಟ್ಟಿದ್ದರೆ, ಇಷ್ಟು ಚಿಕ್ಕ ತುಣುಕುಗಳನ್ನು ಅದು ಇಂಗ್ಲಿಷ್ ಪದಗಳೆಂದು ತಿಳಿದು ಹಾಗೆಯೇ ಬಿಟ್ಟುಬಿಡುವ ಸಂಭವವಿದೆ. ಒಂದರ ಮೇಲೊಂದು ಅಡ್ಡ ಇಟ್ಟ ಎರಡು ಸುತ್ತಿಗೆಗಳ ಚಿಹ್ನೆ ಕಂಡರೆ ಅದು ಕೆಲಸದ ದಿನಗಳ ಗುರುತು. ಜರ್ಮನಿಯ ಲೆಕ್ಕದಲ್ಲಿ ಸೋಮವಾರದಿಂದ ಶನಿವಾರದವರೆಗೆ, ಸರ್ಕಾರಿ ರಜೆ ಬಿಟ್ಟು. ಶಿಲುಬೆಯಂಥ ಗುರುತು ರವಿವಾರ ಮತ್ತು ರಜಾದಿನಗಳದ್ದು. ಚಿಹ್ನೆಗಳನ್ನು ಫೋನು ಅನುವಾದಿಸುವುದಿಲ್ಲ, ಅವನ್ನು ಕಣ್ಣಿನಿಂದಲೇ ನೋಡಬೇಕು. ಕೆಳಗೆ ಚಿಕ್ಕ ಅಕ್ಷರದಲ್ಲಿ ಅವುಗಳ ಅರ್ಥ ಬರೆದಿರುತ್ತಾರೆ, ಆ ಭಾಗದ್ದು ಬೇರೆಯೇ ಫೋಟೋ ತೆಗೆಯುವುದು ಒಳ್ಳೆಯದು.

ಇನ್ನು ಫೋನು ಫೋಟೋವನ್ನು ಓದುವ ಬಗೆ. ಮೊದಲು ಅದು ಚಿತ್ರದಲ್ಲಿ ಅಕ್ಷರಗಳಿರುವ ಜಾಗಗಳನ್ನು ಹುಡುಕುತ್ತದೆ. ಆಮೇಲೆ ಅಕ್ಷರಗಳನ್ನು ಗುರುತಿಸುತ್ತದೆ. ಮೂರನೆಯದಾಗಿ ಯಾವ ಸಾಲು ಯಾವುದರ ಮುಂದುವರಿಕೆ ಎಂದು ಊಹಿಸಿ ಸಾಲುಗಳನ್ನು ಒಟ್ಟುಗೂಡಿಸುತ್ತದೆ. ಕೊನೆಗೆ ಆ ಗುಂಪುಗಳನ್ನು ಅನುವಾದಿಸಿ ಮೂಲ ಅಕ್ಷರಗಳ ಮೇಲೆ ಅಂಟಿಸಿದಂತೆ ತೋರಿಸುತ್ತದೆ. ಜನ ದೂರುವುದು ಕೊನೆಯ ಹೆಜ್ಜೆಯನ್ನು. ನಾನು ನೋಡಿದ ಸ್ಟೇಶನ್ ಫೋಟೋಗಳಲ್ಲಿ ಹೆಚ್ಚು ಕೆಡುವುದು ಮೂರನೆಯ ಹೆಜ್ಜೆಯಲ್ಲಿ. ಬೋರ್ಡು ಎಂದರೆ ಕೋಷ್ಟಕ. ಒಂದು ಗಾಡಿಯ ಗಂಟೆ ಎಡತುದಿಯಲ್ಲಿ, ಊರು ನಡುವೆ, ಹಳಿಯ ಸಂಖ್ಯೆ ಬಲತುದಿಯಲ್ಲಿ. ನಡುವೆ ಬಹಳಷ್ಟು ಖಾಲಿ ಜಾಗ. ಫೋನು ಅಡ್ಡ ಓದುವ ಬದಲು ಮೇಲಿನಿಂದ ಕೆಳಕ್ಕೆ ಓದಿದರೆ ಊರುಗಳೆಲ್ಲ ಒಂದು ಗುಂಪಾಗುತ್ತವೆ, ಸಂಖ್ಯೆಗಳೆಲ್ಲ ಇನ್ನೊಂದು ಗುಂಪಾಗುತ್ತವೆ. ಅನುವಾದ ಸ್ವಚ್ಛವಾಗಿ ಕಾಣುತ್ತದೆ, ಆದರೆ ಯಾವ ಗಾಡಿಗೆ ಯಾವ ಹಳಿ ಎಂಬ ಸಂಬಂಧ ಕಡಿದುಹೋಗಿರುತ್ತದೆ.

ಇದು ಆಗಿದೆಯೋ ಇಲ್ಲವೋ ಎಂದು ತಿಳಿಯುವುದು ಸುಲಭ. ಅನುವಾದವಾದ ಬರಹವನ್ನು ಪಕ್ಕಕ್ಕಿಟ್ಟು ಮೂಲ ಫೋಟೋದಲ್ಲಿ ನಿಮ್ಮ ಗಾಡಿಯ ಸಾಲಿನ ಮೇಲೆ ಬೆರಳು ಇಟ್ಟು ಎಡದಿಂದ ಬಲಕ್ಕೆ ಸರಿಸಿ. ಗಂಟೆ, ಗಾಡಿ ಸಂಖ್ಯೆ, ಹಳಿ ಸಂಖ್ಯೆಗಳಿಗೆ ಅನುವಾದ ಬೇಕಾಗಿಯೇ ಇಲ್ಲ. ಅವು ನಮ್ಮ ಪುಣೆ ಸ್ಟೇಶನ್ನಿನಲ್ಲಿ ಕಾಣುವ ಅದೇ ಅಂಕಿಗಳು. ಅಂಕಿಗಳನ್ನು ಯಾವಾಗಲೂ ಮೂಲದಿಂದ ಓದಿ, ಪದಗಳಿಗಷ್ಟೇ ಫೋನಿನ ಸಹಾಯ ಪಡೆಯಿರಿ. ಇಡೀ ಬೋರ್ಡಿನ ಅನುವಾದ ಕಲಸಿಹೋದರೆ ಫೋಟೋವನ್ನು ಕತ್ತರಿಸಿ ನಿಮ್ಮ ಸಾಲೊಂದನ್ನೇ ಉಳಿಸಿ ಮತ್ತೊಮ್ಮೆ ಅನುವಾದಿಸಿ. ಒಂದೇ ಸಾಲಿದ್ದಾಗ ಫೋನಿಗೆ ತಪ್ಪಾಗಿ ಜೋಡಿಸಲು ಬೇರೆ ಸಾಲೇ ಇರುವುದಿಲ್ಲ.

ಫೋಟೋ ತೆಗೆಯುವಾಗ ಎದುರಾಗುವ ಎರಡು ತೊಂದರೆಗಳಿಗೆ ಕಾರಣ ತಿಳಿದರೆ ಪರಿಹಾರ ತಾನಾಗಿ ಹೊಳೆಯುತ್ತದೆ. ಎಲ್‌ಇಡಿ ಬೋರ್ಡಿನ ಫೋಟೋದಲ್ಲಿ ಕೆಲವೊಮ್ಮೆ ಅರ್ಧ ಅಕ್ಷರಗಳು ಮಾಯವಾಗಿರುತ್ತವೆ, ಇಲ್ಲವೇ ಕಪ್ಪು ಪಟ್ಟಿಗಳು ಅಡ್ಡ ಹಾಯ್ದಿರುತ್ತವೆ. ಆ ದೀಪಗಳು ಕಣ್ಣಿಗೆ ಸದಾ ಉರಿಯುವಂತೆ ಕಂಡರೂ ಅಂಥ ಬೋರ್ಡುಗಳಲ್ಲಿ ಸಾಲುಸಾಲಾಗಿ ಸರದಿಯ ಮೇಲೆ ಉರಿಯುತ್ತವೆ, ಬಹಳ ವೇಗದಲ್ಲಿ. ಬಿಸಿಲಿನಲ್ಲಿ ಫೋನಿನ ಕ್ಯಾಮೆರಾ ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಕಾಲ ಮಾತ್ರ ಕಣ್ಣು ತೆರೆಯಬಹುದು. ಅಷ್ಟರಲ್ಲಿ ಉರಿಯುತ್ತಿದ್ದ ಸಾಲುಗಳು ಮಾತ್ರ ಚಿತ್ರದಲ್ಲಿ ಬರುತ್ತವೆ. ಕ್ಯಾಮೆರಾದಲ್ಲಿ ಪ್ರೊ ಎನ್ನುವ ವಿಧಾನವಿದ್ದರೆ ಶಟರ್ ವೇಗವನ್ನು 1/60 ಅಥವಾ 1/30ಕ್ಕೆ ಇಳಿಸಿ, ಕೈಯನ್ನು ಕಂಬಕ್ಕೆ ಒರಗಿಸಿ ತೆಗೆಯಿರಿ. ಅದಿಲ್ಲದಿದ್ದರೆ ನೆರಳಿರುವ ಕಡೆಯಿಂದ ಎರಡು ಮೂರು ಫೋಟೋ ತೆಗೆಯಿರಿ, ಒಂದರಲ್ಲಿ ಕಳೆದ ಸಾಲು ಇನ್ನೊಂದರಲ್ಲಿ ಸಿಗುತ್ತದೆ. ಹೀಗೆ ಹರಿದ ಅಂಕಿಗಳಲ್ಲಿ 8 ಮತ್ತು 3, 1 ಮತ್ತು 7 ಒಂದರಂತೆ ಇನ್ನೊಂದು ಕಾಣುತ್ತವೆ. ಹಳಿಯ ಸಂಖ್ಯೆಯಲ್ಲಿ ಅದು ನಿಮ್ಮನ್ನು ಇನ್ನೊಂದು ಪ್ಲಾಟ್‌ಫಾರ್ಮಿಗೆ ಕಳಿಸುತ್ತದೆ. ಫ್ಲ್ಯಾಶ್ ಮಾತ್ರ ಎಂದಿಗೂ ಬೇಡ. ಗಾಜಿನ ಮೇಲೆ ಬೆಳಕು ಬಿದ್ದು ಅಕ್ಷರ ಅಳಿಸಿಹೋಗುತ್ತದೆ, ಪ್ಲಾಟ್‌ಫಾರ್ಮಿನ ಮೇಲಾದರೆ ಬರುತ್ತಿರುವ ಗಾಡಿಯ ಚಾಲಕರ ಕಣ್ಣಿಗೂ ಹೊಡೆಯುತ್ತದೆ.

ಎರಡನೆಯ ತೊಂದರೆ ಓಡುವ ಅಕ್ಷರಗಳದ್ದು. ಪ್ಲಾಟ್‌ಫಾರ್ಮ್ ಬದಲಾವಣೆ, ತಡ, ರದ್ದು ಇಂಥ ಸುದ್ದಿಗಳು ಬೋರ್ಡಿನ ಒಂದು ಪಟ್ಟಿಯಲ್ಲಿ ಬಲದಿಂದ ಎಡಕ್ಕೆ ಸರಿಯುತ್ತಾ ಹೋಗುತ್ತವೆ. ಒಂದು ಫೋಟೋದಲ್ಲಿ ಸಿಗುವುದು ಆ ಸಾಲಿನ ಒಂದು ತುಂಡು. ಕಾಕಾ ಕಳಿಸಿದ ಫೋಟೋ ಇಂಥದೇ. ಇಲ್ಲಿ ಫೋಟೋದ ಬದಲು ವಿಡಿಯೋ ತೆಗೆಯಬೇಕು. ಸಾಲು ಒಂದು ಸುತ್ತು ಪೂರ್ತಿಯಾಗಿ, ಮೊದಲ ಪದ ಮತ್ತೆ ಕಾಣಿಸುವ ತನಕ ಹಿಡಿಯಿರಿ. ಆಮೇಲೆ ವಿಡಿಯೋ ನಿಲ್ಲಿಸಿ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆದು ಅನುವಾದಿಸಿ. ಎರಡು ಸ್ಕ್ರೀನ್‌ಶಾಟ್‌ಗಳ ನಡುವೆ ಒಂದೆರಡು ಪದ ಸಮಾನವಾಗಿರಲಿ, ಆಗ ನಡುವಿನದು ಏನೂ ತಪ್ಪಿಲ್ಲ ಎಂಬ ಖಾತ್ರಿ ಇರುತ್ತದೆ.

ತುಂಡಾದ ಸಾಲು ಯಾಕೆ ಇಷ್ಟು ಅಪಾಯ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಜರ್ಮನ್‌ನಲ್ಲಿ ಅರ್ಥವನ್ನು ತಿರುಗಿಸುವ ಪದ ಬಹಳ ಸಲ ಸಾಲಿನ ಕೊನೆಯ ಕಡೆಗೆ ಬರುತ್ತದೆ. ಕನ್ನಡದವರಿಗೆ ಇದು ಹೊಸದಲ್ಲ. "ಈ ಗಾಡಿ ಇವತ್ತು ಬೀಲೆಫೆಲ್ಡ್‌ನಲ್ಲಿ ನಿಲ್ಲು..." ಎಂಬಲ್ಲಿಗೆ ಮಾತು ಕಡಿದರೆ ನಿಲ್ಲುತ್ತದೋ ನಿಲ್ಲುವುದಿಲ್ಲವೋ ನಮಗೂ ತಿಳಿಯುವುದಿಲ್ಲ. ಬೋರ್ಡಿನಲ್ಲಿ ಕಾಣಬಹುದಾದ ಈ ಸಾಲುಗಳನ್ನು ನೋಡಿ:

```
Zug fällt heute aus
Hält heute nicht in Bielefeld
Halt in Bielefeld entfällt
Bitte nicht einsteigen
```

ಮೊದಲನೆಯದು ಗಾಡಿ ಇವತ್ತು ರದ್ದು ಎಂದು. ರದ್ದು ಎಂಬ ಅರ್ಥ ಇರುವುದು `fällt` ಮತ್ತು `aus` ಎಂಬ ಎರಡು ತುಣುಕುಗಳು ಸೇರಿದಾಗ. `aus` ಫೋಟೋದಿಂದ ಹೊರಗೆ ಉಳಿದರೆ ಉಳಿಯುವ ಪದಕ್ಕೆ ಬೀಳುತ್ತದೆ ಎಂಬ ಅರ್ಥ. ಒಂದು ಸಲ ನನಗೆ "ಗಾಡಿ ಬಿದ್ದದಂತ, ಏನಾರ ಅಪಘಾತ ಆಗೇದೇನು?" ಎಂದು ಗಾಬರಿಯ ಮೆಸೇಜು ಬಂದದ್ದು ಇದರಿಂದಲೇ. ಎರಡನೆಯ ಸಾಲಿನ `nicht` ಎಂದರೆ ಇಲ್ಲ. ಅದು ತಪ್ಪಿದರೆ "ಇವತ್ತು ನಿಲ್ಲುತ್ತದೆ" ಎಂದಾಗುತ್ತದೆ, ನೇರ ತಿರುವುಮುರುವು. ಮೂರನೆಯದು ಇನ್ನೂ ಸೂಕ್ಷ್ಮ. ಗಾಡಿ ರದ್ದಾಗಿಲ್ಲ, ಬರುತ್ತದೆ, ಆದರೆ ಆ ಊರಿನ ನಿಲುಗಡೆ ಮಾತ್ರ ಇಲ್ಲ. ನೀವು ಇಳಿಯಬೇಕಾದದ್ದು ಅಲ್ಲೇ ಆದರೆ ನಿಮ್ಮ ಮಟ್ಟಿಗೆ ಗಾಡಿ ರದ್ದಾದಂತೆಯೇ. ಗಾಡಿ ಕಣ್ಣೆದುರೇ ಬಂದು ನಿಲ್ಲುವುದರಿಂದ ಮಾತ್ರ ಯಾವ ಅನುಮಾನವೂ ಬರುವುದಿಲ್ಲ, ಹತ್ತಿಬಿಡುತ್ತೇವೆ. ನಾಲ್ಕನೆಯದು "ದಯವಿಟ್ಟು ಹತ್ತಬೇಡಿ". ಖಾಲಿಯಾಗಿ ಶೆಡ್ಡಿಗೆ ಹೋಗುವ ಗಾಡಿಯ ಮೇಲೆ ಬರುತ್ತದೆ.

ಆದ್ದರಿಂದ ನನ್ನ ಬಳಿ ಕೇಳಿದವರಿಗೆ ನಾನು ಹೇಳುವುದು ಇಷ್ಟು. ಇಡೀ ಭಾಷೆ ಬೇಡ. `heute` (ಹೊಯ್ಟ, ಇವತ್ತು), `nicht` (ನಿಶ್ಟ್, ಇಲ್ಲ), `Gleis` (ಗ್ಲೈಸ್, ಹಳಿ), `aus` (ಔಸ್) ಎಂಬ ನಾಲ್ಕು ಪದಗಳ ಆಕಾರ ಕಣ್ಣಿಗೆ ಪರಿಚಯವಾಗಿರಲಿ. ಫೋನಿನ ಅನುವಾದದಲ್ಲಿ ಇಲ್ಲ ಎಂಬುದು ಕಾಣದೆ, ಮೂಲದಲ್ಲಿ `nicht` ಕಂಡರೆ ಅನುವಾದವನ್ನು ನಂಬಬೇಡಿ. `heute` ಕಂಡರೆ ಅಲ್ಲಿ ಮಾಮೂಲಿಗಿಂತ ಬೇರೆ ಏನೋ ಇದೆ ಎಂದು ತಿಳಿಯಿರಿ. ಮಾಮೂಲಿಯಾಗಿ ಓಡುವ ಗಾಡಿಗೆ "ಇವತ್ತು" ಎಂದು ಬರೆಯುವ ಅಗತ್ಯ ರೈಲಿನವರಿಗೆ ಬರುವುದಿಲ್ಲ. ಇನ್ನೊಂದು ಮಾತು: ಅನುವಾದವನ್ನು ಕನ್ನಡಕ್ಕೆ ಮಾಡಿಸುವುದಕ್ಕಿಂತ ಇಂಗ್ಲಿಷಿಗೆ ಮಾಡಿಸುವುದು ಸದ್ಯಕ್ಕೆ ಹೆಚ್ಚು ಭರವಸೆಯದು. ಇಂಗ್ಲಿಷ್ ಓದಲು ಕಷ್ಟಪಡುವ ಹಿರಿಯರಿಗಾದರೆ ಎರಡನ್ನೂ ಮಾಡಿ ಹೋಲಿಸಿ ನೋಡಲು ಹೇಳುತ್ತೇನೆ. ಎರಡರಲ್ಲಿ ಒಂದು ಹೌದು, ಇನ್ನೊಂದು ಇಲ್ಲ ಎಂದರೆ ಅಲ್ಲಿ ನಿಂತು ಯಾರನ್ನಾದರೂ ಕೇಳಬೇಕು.

ಈಗ ಒಂದು ಪ್ರಯಾಣವನ್ನು ಮೊದಲಿನಿಂದ ಕೊನೆಯವರೆಗೆ ನೋಡೋಣ. ಗಂಟೆ, ಡಬ್ಬಿ, ಹಳಿಗಳ ಅಂಕಿಗಳನ್ನು ವಿವರಣೆಗಾಗಿ ನಾನೇ ಇಟ್ಟಿದ್ದೇನೆ, ಆದರೆ ದಾರಿ ಮತ್ತು ಪದ್ಧತಿ ನಿಜವಾದವು. ಬರ್ಲಿನ್ ಕಡೆಯಿಂದ ಹನೋವರ್ ಮೂಲಕ ಪಶ್ಚಿಮಕ್ಕೆ ಹೋಗುವ ಐಸಿಇ ಎಂಬ ಕೆಲವು ವೇಗದ ಗಾಡಿಗಳು ಎರಡು ಗಾಡಿಗಳನ್ನು ಜೋಡಿಸಿದಂಥವು. ಹಾಮ್ ಎಂಬ ಜಂಕ್ಷನ್ನಿನಲ್ಲಿ ಅವು ಬೇರೆಯಾಗುತ್ತವೆ. ಒಂದು ಅರ್ಧ ಡಾರ್ಟ್‌ಮುಂಡ್, ಎಸ್ಸೆನ್ ಮೂಲಕ ಡ್ಯೂಸೆಲ್‌ಡಾರ್ಫ್ ಕಡೆಗೆ. ಇನ್ನೊಂದು ಅರ್ಧ ಹಾಗೆನ್, ವುಪ್ಪರ್‌ಟಾಲ್ ಮೂಲಕ ಕ್ಯೋಲ್ನ್ ಕಡೆಗೆ. ಗುಂತಕಲ್ಲಿನಲ್ಲಿ ಡಬ್ಬಿ ಕಳಚಿ ಬೇರೆ ಗಾಡಿಗೆ ಜೋಡಿಸುವುದನ್ನು ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ.

ಕಾಕಾ ಕಾಕೂ ಹನೋವರ್‌ನಿಂದ ವುಪ್ಪರ್‌ಟಾಲ್‌ಗೆ ಹೊರಟಿದ್ದಾರೆ ಎಂದುಕೊಳ್ಳಿ. ಅಲ್ಲಿ ಮೇಲಿನ ಹಳಿಗೆ ತೂಗಿಕೊಂಡು ಓಡುವ ಹಳೆಯ ರೈಲು ನೋಡಬೇಕೆಂದು ಕಾಕೂ ಅವರ ಆಸೆ. ಟಿಕೆಟಿನಲ್ಲಿ ಹೊರಡುವ ಸಮಯ 12:31, ಡಬ್ಬಿ 36. ಹಳದಿ ಕಾಗದದಲ್ಲಿ ಹಳಿ 9. ಹಳಿ ಎನ್ನುವುದಕ್ಕೆ ಕಾರಣವಿದೆ, ಅಲ್ಲಿ ಎಣಿಸುವುದು ಹಳಿಗಳನ್ನು. ಹನೋವರ್‌ನಲ್ಲಿ 4ರ ನಂತರ ಪ್ರಯಾಣಿಕರಿಗೆ ಸಿಗುವುದು 7. ನಡುವಿನ ಎರಡು ಹಳಿಗಳಿಗೆ ಪ್ಲಾಟ್‌ಫಾರ್ಮೇ ಇಲ್ಲ. 5 ಎಲ್ಲಿ ಎಂದು ಹುಡುಕುತ್ತಾ ಹೋದರೆ ಸಿಗುವುದಿಲ್ಲ. ಅವರು 9ಕ್ಕೆ ಹೋಗಿ ನಿಂತಾಗ ಬೋರ್ಡಿನ ಮೇಲಿನ ಗಡಿಯಾರ 12:24 ತೋರಿಸುತ್ತಿದೆ. ವಿಡಿಯೋ ತೆಗೆದರು. ಅದರಿಂದ ಬಿಡಿಸಿದ ಸಾಲುಗಳು ಇವು:

```
12:31  Köln Hbf
Heute von Gleis 11
ca. 10 Minuten später
Zugteilung in Hamm
Umgekehrte Wagenreihung
```

ಎರಡನೆಯ ಸಾಲು ಇವತ್ತು ಹಳಿ 11ರಿಂದ ಎನ್ನುತ್ತದೆ. ಒಂದೇ ಪ್ಲಾಟ್‌ಫಾರ್ಮಿನ ಎರಡು ಬದಿಗೆ ಎರಡು ಹಳಿಗಳಿರುತ್ತವೆ. ಬದಲಾವಣೆ 9ರಿಂದ 10ಕ್ಕಾಗಿದ್ದರೆ ಬೆನ್ನು ತಿರುಗಿಸಿದರೆ ಸಾಕಿತ್ತು. 11 ಎಂದರೆ ಮೆಟ್ಟಿಲಿಳಿದು, ಕೆಳಗಿನ ದಾರಿಯಲ್ಲಿ ನಡೆದು, ಮತ್ತೆ ಹತ್ತಬೇಕು. ಹಿರಿಯರಿಗೆ, ಸೂಟ್‌ಕೇಸ್ ಬೇರೆ ಇದ್ದಾಗ, ಈ ವ್ಯತ್ಯಾಸ ಐದು ನಿಮಿಷದ್ದು. ಅಷ್ಟರಲ್ಲಿ ಮತ್ತೆ ಬದಲಾಗಿರಬಹುದು. ಹಾಗಾಗಿ 11ಕ್ಕೆ ಹೋದ ಮೇಲೆ ಅಲ್ಲಿನ ಬೋರ್ಡಿನಲ್ಲಿ 12:31 ಮತ್ತು ಕ್ಯೋಲ್ನ್ ಎರಡೂ ಕಾಣುತ್ತವೆಯೇ ನೋಡಬೇಕು. ಹಳೆಯ ವಿಡಿಯೋ ಆ ಹೊತ್ತಿಗೆ ಹಳೆಯ ಸುದ್ದಿಯಾಗಿರುತ್ತದೆ.

ಮೂರನೆಯ ಸಾಲು ಸುಮಾರು 10 ನಿಮಿಷ ತಡ. ಯಾವಾಗಿನಿಂದ 10? ಬೋರ್ಡು ನಿಗದಿತ ಗಂಟೆಯನ್ನು ಹಾಗೆಯೇ ಇಟ್ಟು ತಡವನ್ನು ಪಕ್ಕದಲ್ಲಿ ಹೇಳುತ್ತದೆ. ಆದ್ದರಿಂದ 12:31ಕ್ಕೆ 10 ಸೇರಿಸಿ 12:41. ನೋಡಿದ ಹೊತ್ತಿಗೆ 10 ಸೇರಿಸಿ 12:34 ಎಂದುಕೊಂಡವರು ಗಾಬರಿಯಿಂದ ಓಡುತ್ತಾರೆ. ಹಾಗೆಯೇ ಸುಮಾರು ಎಂಬ ಪದವನ್ನೂ ಗಂಭೀರವಾಗಿ ತೆಗೆದುಕೊಳ್ಳಿ, ತಡ ಕಡಿಮೆಯಾಗಿ ಗಾಡಿ ಮೊದಲೇ ಬರಬಹುದು. ಚಹಾ ಕುಡಿಯಲು ಕೆಳಗಿಳಿಯುವ ಹೊತ್ತು ಇದಲ್ಲ. ಫೋಟೋದಲ್ಲಿ ಗಡಿಯಾರವೂ ಬರುವಂತೆ ನಿಲ್ಲಿ ಎಂದು ನಾನು ಹೇಳುವುದು ಇದಕ್ಕೇ. ಫೋಟೋ ನನಗೋ ಮಗನಿಗೋ ಬಂದಾಗ ಅದು ಎಷ್ಟು ಹೊತ್ತಿನದು ಎಂದು ಚಿತ್ರದಿಂದಲೇ ತಿಳಿಯಬೇಕು. ಬೇಸಿಗೆಯಲ್ಲಿ ಅಲ್ಲಿಯ 12:24 ನಮಗೆ ಮಧ್ಯಾಹ್ನ 3:54. ವಾಟ್ಸಾಪ್ ತೋರಿಸುವುದು ನೋಡುವವರ ಊರಿನ ಗಂಟೆಯನ್ನು, ಅದೂ ಮೆಸೇಜು ಕಳಿಸಿದ ಹೊತ್ತನ್ನು, ಫೋಟೋ ತೆಗೆದ ಹೊತ್ತನ್ನಲ್ಲ.

ನಾಲ್ಕನೆಯ ಸಾಲನ್ನು ಬಹಳ ಜನ ದಾಟಿಹೋಗುತ್ತಾರೆ. ಹಾಮ್‌ನಲ್ಲಿ ಗಾಡಿ ಎರಡಾಗುತ್ತದೆ ಎಂದು ಅದು ಹೇಳುತ್ತದೆ. ಅನುವಾದದಲ್ಲಿ ಇದು "ರೈಲು ವಿಭಜನೆ" ಎಂದೋ ಏನೋ ಬಂದು, ಯಾವುದೋ ಆಡಳಿತ ವಿಭಾಗದ ಮಾತೆಂದು ಅನಿಸುತ್ತದೆ. ಆದರೆ ಸರಿಯಾದ ಹಳಿ, ಸರಿಯಾದ ಗಂಟೆ, ಸರಿಯಾದ ಗಾಡಿ ಎಲ್ಲ ಆಗಿ, ತಪ್ಪು ಅರ್ಧದಲ್ಲಿ ಕುಳಿತರೆ ವುಪ್ಪರ್‌ಟಾಲ್ ಬದಲು ಡಾರ್ಟ್‌ಮುಂಡ್‌ಗೆ ಹೋಗುತ್ತೀರಿ. ಜೋಡಿಸಿದ ಎರಡು ಐಸಿಇಗಳ ನಡುವೆ ಒಳಗಿಂದ ನಡೆದು ಹೋಗುವ ದಾರಿ ಇರುವುದಿಲ್ಲ. ಹತ್ತಿದ ಮೇಲೆ ತಿಳಿದರೆ ಹಾಮ್‌ಗಿಂತ ಮೊದಲು ಎಲ್ಲಾದರೂ ನಿಂತಾಗ ಇಳಿದು, ಪ್ಲಾಟ್‌ಫಾರ್ಮಿನ ಮೇಲೆ ಬೇಗ ನಡೆದು ಇನ್ನೊಂದು ಅರ್ಧಕ್ಕೆ ಹತ್ತಬೇಕು.

ಐದನೆಯ ಸಾಲು ಇವತ್ತು ಡಬ್ಬಿಗಳ ಕ್ರಮ ಹಿಂದುಮುಂದು ಎನ್ನುತ್ತದೆ. ಅಲ್ಲಿಯ ಉದ್ದದ ಪ್ಲಾಟ್‌ಫಾರ್ಮುಗಳನ್ನು ಎ, ಬಿ, ಸಿ ಎಂದು ಅಕ್ಷರದ ಫಲಕಗಳಿಂದ ಗುರುತು ಮಾಡಿರುತ್ತಾರೆ. ಯಾವ ಡಬ್ಬಿ ಯಾವ ಅಕ್ಷರದ ಎದುರು ನಿಲ್ಲುತ್ತದೆ ಎಂಬ ಕಾಗದದ ನಕ್ಷೆ ಮೊದಲು ಪ್ಲಾಟ್‌ಫಾರ್ಮಿನಲ್ಲಿ ಇರುತ್ತಿತ್ತು. ಮಾಮೂಲಿಯಾಗಿ ಡಬ್ಬಿ 36 ಎ ಕಡೆಗೆ ಬರುವುದಾದರೆ, ಇವತ್ತು ಅದು ಇನ್ನೊಂದು ತುದಿಗೆ, ಎಫ್ ಅಥವಾ ಜಿ ಕಡೆಗೆ ಬರುತ್ತದೆ. ನಾಲ್ಕನೆಯ ಮತ್ತು ಐದನೆಯ ಸಾಲು ಒಟ್ಟಿಗೆ ಬಂದಾಗ ತಪ್ಪು ಇಮ್ಮಡಿಯಾಗುತ್ತದೆ: ಮಾಮೂಲಿ ಕ್ರಮ ನಂಬಿ ನಿಂತವರ ಎದುರು ಬಂದು ನಿಲ್ಲುವುದು ಬೇರೆ ಊರಿಗೆ ಹೋಗುವ ಅರ್ಧ. ಮುಂದಿನ ಅರ್ಧ, ಹಿಂದಿನ ಅರ್ಧ ಎಂಬ ಲೆಕ್ಕಕ್ಕೆ ಹೋಗಬೇಡಿ, ಡಬ್ಬಿಯ ಸಂಖ್ಯೆ ಹಿಡಿಯಿರಿ. ಡಬ್ಬಿ 36 ಎಲ್ಲಿ ನಿಂತರೂ ಅದು ವುಪ್ಪರ್‌ಟಾಲ್‌ಗೆ ಹೋಗುವ ಅರ್ಧದ್ದೇ. ಬಾಗಿಲಿನ ಹತ್ತಿರದ ಚಿಕ್ಕ ಫಲಕದಲ್ಲಿ ಡಬ್ಬಿಯ ಸಂಖ್ಯೆ ಮತ್ತು ಹೋಗುವ ಊರು ಇರುತ್ತದೆ. ಹತ್ತುವ ಮೊದಲು ಅದನ್ನು ಓದಲು ಅನುವಾದ ಬೇಡ, ಎರಡು ಸೆಕೆಂಡು ಸಾಕು. ಕಾಯ್ದಿರಿಸದ ಟಿಕೆಟ್ ಇದ್ದವರಿಗಂತೂ ಇದೊಂದೇ ಆಧಾರ.

ಕೊನೆಗೆ ಎಚ್ಚರಿಕೆಯ ಬಗ್ಗೆ. ಬೋರ್ಡಿನಲ್ಲಿ ಊರಿನ ಹೆಸರಿರಬೇಕಾದ ಜಾಗದಲ್ಲಿ `Zugdurchfahrt` ಎಂಬ ಉದ್ದದ ಪದ ಬಂದರೆ ಅದರ ಫೋಟೋ ತೆಗೆದು ಅನುವಾದಿಸುತ್ತಾ ಕೂರಬಾರದು. ನಿಲ್ಲದೆ ಹಾಯ್ದುಹೋಗುವ ಗಾಡಿ ಬರುತ್ತಿದೆ ಎಂದು ಅದರ ಅರ್ಥ. ಕೆಲವು ಸ್ಟೇಶನ್ನುಗಳಲ್ಲಿ ಅಂಥ ಗಾಡಿ ಗಂಟೆಗೆ 160 ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ಹೋಗುತ್ತದೆ, ಅದರ ಗಾಳಿಗೆ ಚಕ್ರದ ಸೂಟ್‌ಕೇಸ್ ತಾನಾಗಿ ಉರುಳಬಹುದು. ಪ್ಲಾಟ್‌ಫಾರ್ಮಿನ ಬಿಳಿ ಗೆರೆಯಿಂದ ಹಿಂದೆ ಸರಿದು, ಸಾಮಾನನ್ನು ಕೈಯಲ್ಲಿ ಹಿಡಿದು ನಿಲ್ಲಬೇಕು. ಫೋಟೋಗಾಗಿ ಫೋನು ಎತ್ತಿ ಬೋರ್ಡು ನೋಡುತ್ತಾ ಹಿಂದೆ ಹಿಂದೆ ಹೆಜ್ಜೆ ಇಡುವವರನ್ನು ಕಂಡರೆ ನನಗೆ ಹೊಟ್ಟೆ ತಳಮಳಿಸುತ್ತದೆ. ಬೋರ್ಡಿನ ಫೋಟೋವನ್ನು ಯಾವಾಗಲೂ ಪ್ಲಾಟ್‌ಫಾರ್ಮಿನ ನಡುವಿನ ಬೆಂಚಿನ ಹತ್ತಿರ, ನಿಂತ ಜಾಗದಲ್ಲೇ ನಿಂತು ಝೂಮ್ ಮಾಡಿ ತೆಗೆಯಿರಿ.

ನೆಟ್‌ವರ್ಕ್ ಇಲ್ಲದ ಕಡೆ ಅನುವಾದ ನಡೆಯಬೇಕಾದರೆ ಜರ್ಮನ್ ಭಾಷೆಯ ಪ್ಯಾಕನ್ನು ಪುಣೆಯಲ್ಲೇ, ಮನೆಯ ವೈಫೈನಲ್ಲಿ ಇಳಿಸಿಕೊಂಡು ಹೋಗಿ. ನೆಟ್ ಇರುವ ಕಡೆ ರೈಲಿನವರದೇ ಆ್ಯಪ್ `DB Navigator` ಇದೆ. ಅದನ್ನು ಇಂಗ್ಲಿಷಿನಲ್ಲಿ ಇಟ್ಟುಕೊಂಡು ನಿಮ್ಮ ಗಾಡಿಯ ಸಂಖ್ಯೆ ಹಾಕಿದರೆ ಹಳಿ ಬದಲಾದದ್ದೂ ತಡವೂ ಕಾಣುತ್ತದೆ. ಫೋಟೋದಿಂದ ಓದಿದ್ದನ್ನು ಇದರ ಜೊತೆ ಹೋಲಿಸಿ. ಎರಡೂ ಹೊಂದದಿದ್ದರೆ ಫೋಟೋ ತೆರೆದು, ನಿಮ್ಮ ಸಾಲಿನ ಮೇಲೆ ಬೆರಳಿಟ್ಟು, ಟಿಕೆಟನ್ನು ಪಕ್ಕದಲ್ಲಿ ಹಿಡಿದು ಸಮವಸ್ತ್ರದಲ್ಲಿರುವ ಸಿಬ್ಬಂದಿಗೆ ತೋರಿಸಿ. "ಗ್ಲೈಸ್?" ಎಂಬ ಒಂದು ಪದ ಕೇಳಿದರೆ ಸಾಕು. ಉತ್ತರ ಬೆರಳುಗಳಲ್ಲಿ ಬಂದರೆ ಅವರು ಎಣಿಸಲು ಶುರುಮಾಡುವುದು ಹೆಬ್ಬೆರಳಿನಿಂದ: ಹೆಬ್ಬೆರಳು ಮತ್ತು ತೋರುಬೆರಳು ಎತ್ತಿದರೆ ಅದು 2.